ಲಿಪ್‌ಸ್ಟಿಕ್ ಶೇಡಿನ ಬಣ್ಣ ಎಐ ಚಿತ್ರದಲ್ಲಿ ಬದಲಾಗದಂತೆ ಹೇಳುವುದು ಹೇಗೆ

(ಮನೆಯಿಂದಲೇ ಸೌಂದರ್ಯವರ್ಧಕ ಮಾರುವವರು, ಮೇಕಪ್ ಮಾಡುವವರು ಮತ್ತು ಅವರಿಗೆ ಪೋಸ್ಟರ್ ಮಾಡಿಕೊಡುವ ಡಿಸೈನರ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಒಂದೇ ಒಂದು ಶೇಡ್ ಹಿಡಿದು ಮಾತಾಡುತ್ತೇನೆ. ಇಟ್ಟಿಗೆ ಬಣ್ಣದ ಮ್ಯಾಟ್ ಲಿಪ್‌ಸ್ಟಿಕ್. ನಮ್ಮ ಕಡೆಯ ಮೈಬಣ್ಣಗಳಿಗೆ ಚೆನ್ನಾಗಿ ಒಪ್ಪುವ ಶೇಡ್ ಇದು, ಅಂಗಡಿಯಲ್ಲಿ ಜಾಸ್ತಿ ಕೇಳುವ ಶೇಡ್ ಕೂಡ. ಎಐ ಚಿತ್ರಗಳಲ್ಲಿ ಬೇಗ ಕೆಡುವ ಶೇಡೂ ಇದೇ.

ಹೇಗೆ ಕೆಡುತ್ತದೆ ಅಂದರೆ, ನೀವು "ಬ್ರಿಕ್ ರೆಡ್ ಲಿಪ್‌ಸ್ಟಿಕ್ ಹಚ್ಚಿದ ಹೆಣ್ಣುಮಗಳು" ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೀರಿ. ಚಿತ್ರ ಬರುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ತುಟಿ ಕಡುಗೆಂಪಾಗಿರುತ್ತದೆ. ಹಿಂದೆ ಒಂದು ಇಟ್ಟಿಗೆ ಗೋಡೆ ಬಂದಿರುತ್ತದೆ. ಕೆನ್ನೆಯೂ ಕೆಂಪು, ಸೀರೆಯ ಅಂಚೂ ಕೆಂಪು. ಮೈಬಣ್ಣ ನೀವು ಅಂದುಕೊಂಡಿದ್ದಕ್ಕಿಂತ ಒಂದು ಮೆಟ್ಟಿಲು ಬೆಳ್ಳಗಾಗಿರುತ್ತದೆ. ಗಿರಾಕಿ ಆ ಚಿತ್ರ ನೋಡಿ ಆರ್ಡರ್ ಮಾಡಿದರೆ, ಕೈಗೆ ಬರುವುದು ಬೇರೆಯೇ ಬಣ್ಣ.

ಇದಕ್ಕೆ ಕಾರಣ ಇದೆ. ಚಿತ್ರ ಮಾಡುವ ಈ ಎಐ ಮಾಡೆಲ್‌ಗಳು ಕಲಿತಿದ್ದು ಚಿತ್ರಗಳ ಜೊತೆಗಿದ್ದ ಬರಹಗಳಿಂದ. ಒಂದು ಪದ ಕೇಳಿದರೆ, ಆ ಪದದ ಜೊತೆ ಕಂಡ ಎಲ್ಲ ಚಿತ್ರಗಳ ವಾಸನೆಯೂ ಬರುತ್ತದೆ. ಇಟ್ಟಿಗೆ ಅಂದರೆ ಗೋಡೆ ಬರುತ್ತದೆ, ವೈನ್ ಅಂದರೆ ಗ್ಲಾಸು ಬರುತ್ತದೆ, ರೋಸ್ ಅಂದರೆ ಹೂವು ಬರುತ್ತದೆ. ಲಿಪ್‌ಸ್ಟಿಕ್ ಪಕ್ಕ ಕೆಂಪು ಅಂದರೆ ಜಾಹೀರಾತಿನ ಕಡುಗೆಂಪು ಬರುತ್ತದೆ. ಹಾಗಾಗಿ ಡಬ್ಬಿಯ ಮೇಲಿನ ಶೇಡ್ ಹೆಸರನ್ನು ಪ್ರಾಂಪ್ಟಿನಲ್ಲಿ, ಅಂದರೆ ಚಿತ್ರ ಕೇಳಲು ಟೈಪ್ ಮಾಡುವ ಮಾತಿನಲ್ಲಿ, ಹಾಕಲೇಬೇಡಿ. ಆ ಹೆಸರು ಮಾರಾಟಕ್ಕೆ ಇಟ್ಟಿದ್ದು, ಬಣ್ಣ ಹೇಳಲು ಇಟ್ಟಿದ್ದಲ್ಲ.

"ಹೆಸರು ಬೇಡ, ಹೆಕ್ಸ್ ಕೋಡ್ ಕೊಟ್ಟರಾಯ್ತಲ್ವಾ?" ಅಂತ ಕೇಳಬಹುದು. ಹೆಕ್ಸ್ ಕೋಡ್ ಅಂದರೆ ಒಂದು ಬಣ್ಣವನ್ನು ಅಂಕಿ ಅಕ್ಷರಗಳಲ್ಲಿ ಬರೆಯುವ ರೀತಿ. ಕೊಡಬಹುದು, ಆದರೆ ನಂಬಬಾರದು. ಚಿತ್ರಗಳ ಜೊತೆಗಿನ ಬರಹಗಳಲ್ಲಿ ಹೆಕ್ಸ್ ಕೋಡ್ ಇರುವುದು ತುಂಬಾ ಕಮ್ಮಿ. ಅನೇಕ ಮಾಡೆಲ್‌ಗಳಿಗೆ `#8E3B32` ಅಂದರೆ ತುಂಡು ತುಂಡಾದ ಅಕ್ಷರ ಮತ್ತು ಅಂಕಿ ಅಷ್ಟೇ. ಈಗಿನ ಕೆಲವು ಟೂಲ್‌ಗಳು ಇದನ್ನು ಸ್ವಲ್ಪ ಚೆನ್ನಾಗಿ ಪಾಲಿಸುತ್ತವೆ. ಆದರೂ ಬಂದ ಬಣ್ಣವನ್ನು ಅಳೆದು ನೋಡುವ ಕೆಲಸ ತಪ್ಪುವುದಿಲ್ಲ. ನಾನು ಹೇಳುವ ಕ್ರಮ ಇದು: ಮಾಡೆಲ್‌ಗೆ ಮಾತಿನಲ್ಲಿ ಹೇಳಿ, ಅಂಕಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬಂದ ಚಿತ್ರವನ್ನು ಆ ಅಂಕಿಗೆ ಹೋಲಿಸಿ ನೋಡಿ.

ಅಂಕಿ ಬರುವುದು ಸ್ವಾಚ್‌ನಿಂದ. ಸ್ವಾಚ್ ಸರಿ ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮುಂಗೈ ಒಳಭಾಗವನ್ನು ತೊಳೆದು ಒರೆಸಿಕೊಳ್ಳಿ. ಲೋಷನ್, ಎಣ್ಣೆ ಏನೂ ಬೇಡ. ಅರ್ಧ ಇಂಚು ಅಗಲ, ಒಂದು ಇಂಚು ಉದ್ದದ ಎರಡು ಪಟ್ಟಿ ಎಳೆಯಿರಿ. ಒಂದು ಪಟ್ಟಿಗೆ ಒಂದೇ ಸಲ ಎಳೆದರೆ ಸಾಕು. ಇನ್ನೊಂದಕ್ಕೆ ಚರ್ಮ ಕಾಣದಷ್ಟು ಸಲ ಎಳೆಯಿರಿ. ಈ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವೇ ಆ ಶೇಡ್ ಎಷ್ಟು ದಟ್ಟ ಅಂತ ಹೇಳುತ್ತದೆ. ಎರಡೂ ಹೆಚ್ಚುಕಮ್ಮಿ ಒಂದೇ ಬಣ್ಣ ಕಂಡರೆ ಅದು ದಟ್ಟ ಶೇಡ್. ಮೊದಲನೆಯದರಲ್ಲಿ ಚರ್ಮದ ಬಣ್ಣ ಹಣಕಿದರೆ ಅದು ತೆಳು ಶೇಡ್. ಲಿಕ್ವಿಡ್ ಮ್ಯಾಟ್ ಆದರೆ ಒಣಗುವ ತನಕ ಕಾಯಬೇಕು. ಒದ್ದೆ ಇರುವಾಗ ಒಂದು ಬಣ್ಣ, ದ್ರಾವಕ ಹಾರಿದ ಮೇಲೆ ಇನ್ನೊಂದು ಬಣ್ಣ. ಸಾಮಾನ್ಯವಾಗಿ ಒಣಗಿದ ಮೇಲೆ ಶೇಡ್ ಸ್ವಲ್ಪ ಗಾಢವಾಗುತ್ತದೆ.

ಬೆಳಕು ಕಿಟಕಿಯದೇ ಇರಲಿ, ನೇರ ಬಿಸಿಲು ಬೇಡ. ಹಳದಿ ಬಲ್ಬ್ ಆರಿಸಿ. ಸುತ್ತಮುತ್ತ ಏನಿದೆ ಅಂತಲೂ ನೋಡಿ. ನಮ್ಮ ಹಳೆ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇರುತ್ತದಲ್ಲ, ಕಿಟಕಿಯ ಬೆಳಕು ಆ ನೆಲಕ್ಕೆ ಬಿದ್ದು ಕೆಂಪಾಗಿ ಮೇಲೆ ಚಿಮ್ಮುತ್ತದೆ. ಕೈ ಕೆಳಗೆ ಹಿಡಿದು ಫೋಟೋ ತೆಗೆದರೆ ಸ್ವಾಚ್‌ಗೂ ಆ ಕೆಂಪು ಹತ್ತಿಕೊಳ್ಳುತ್ತದೆ. ಹಸಿರು ಡಿಸ್ಟೆಂಪರ್ ಗೋಡೆಯೂ ಹಾಗೇ. ಅಂದಹಾಗೆ, ಆ ನೆಲಕ್ಕೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡೇ ಇಟ್ಟಿಗೆ ಬಣ್ಣದ ಲಿಪ್‌ಸ್ಟಿಕ್‌ಗಳಲ್ಲೂ ಇರುತ್ತದೆ, ಕಾಸ್ಮೆಟಿಕ್‌ಗೆಂದು ಶುದ್ಧ ಮಾಡಿದ್ದು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ `CI 77491` ಅಂತ ಕಂಡರೆ ಅದೇ. ಅದರ ಜೊತೆ `CI 15850` ಇದ್ದರೆ ಅದು ಹೊಳಪಿನ ಕೆಂಪು ಕೊಡುವ ಬಣ್ಣ. `CI 77891` ಅಂದರೆ ಟೈಟಾನಿಯಂ ಡೈಆಕ್ಸೈಡ್, ಅದು ಬಿಳುಪು ಸೇರಿಸಿ ದಟ್ಟ ಮಾಡುತ್ತದೆ. ಆಕ್ಸೈಡ್ ಜಾಸ್ತಿ ಇರುವ ಶೇಡ್ ಯಾವತ್ತೂ ಸ್ವಲ್ಪ ಮಂಕಾದ, ಕಂದು ಕಡೆಗೆ ವಾಲಿದ ಕೆಂಪು. ಪ್ರಾಂಪ್ಟ್ ಬರೆಯುವಾಗ ಈ ಮಾತು ನೆನಪಿರಲಿ.

ಫೋಟೋದಲ್ಲಿ ಸ್ವಾಚ್ ಪಕ್ಕ ಒಂದು ಗ್ರೇ ಕಾರ್ಡ್, ಅಂದರೆ ಬೆಳಕಿನ ಬಣ್ಣ ತೆಗೆಯಲು ಬಳಸುವ ಬೂದು ಕಾರ್ಡ್, ಇರಬೇಕು. ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದೆ. ಬಿಳಿ ಪ್ರಿಂಟರ್ ಪೇಪರ್ ಸಾಕು ಅಂತ ಅನ್ನಿಸುತ್ತದೆ, ಆದರೆ ಅದು ಸಾಲದು. ಪೇಪರ್ ಬೆಳ್ಳಗೆ ಕಾಣಲಿ ಅಂತ ಅದಕ್ಕೆ ಸೇರಿಸುವ ರಾಸಾಯನಿಕ ಹಗಲು ಬೆಳಕಿನಲ್ಲಿ ನೀಲಿ ಮಿನುಗು ಕೊಡುತ್ತದೆ. ಆ ನೀಲಿಯನ್ನು ತೆಗೆಯಲು ಹೋದರೆ ಇಡೀ ಫೋಟೋ ಹಳದಿಗೆ ವಾಲುತ್ತದೆ. ನಿಮ್ಮ ಇಟ್ಟಿಗೆ ಕೆಂಪು ಕಿತ್ತಳೆಯಾಗುತ್ತದೆ.

ಇನ್ನೊಂದು ಗುಂಡಿ ಇದೆ, ತುಂಬ ಜನ ಗೊತ್ತಾಗದೆ ಬೀಳುವುದು ಅಲ್ಲೇ. ಐಫೋನ್‌ನಂಥ ಫೋನ್‌ಗಳು ಫೋಟೋವನ್ನು ಡಿಸ್‌ಪ್ಲೇ ಪಿ3 ಅನ್ನುವ ಅಗಲವಾದ ಬಣ್ಣದ ವ್ಯಾಪ್ತಿಯಲ್ಲಿ ಉಳಿಸುತ್ತವೆ. ವೆಬ್‌ನಲ್ಲಿ ರೂಢಿಯಲ್ಲಿರುವುದು ಎಸ್‌ಆರ್‌ಜಿಬಿ. ಈ ಎರಡರ ನಡುವೆ ವ್ಯತ್ಯಾಸ ಎದ್ದು ಕಾಣುವುದು ಕೆಂಪು ಮತ್ತು ಹಸಿರಿನಲ್ಲಿ. ಪಿ3 ಫೈಲಿನ ಅಂಕಿಯನ್ನು ಹಾಗೇ ಎಸ್‌ಆರ್‌ಜಿಬಿ ಅಂತ ಓದಿದರೆ ಕೆಂಪು ನಿಜಕ್ಕಿಂತ ಮಂಕಾಗಿ ಬರುತ್ತದೆ. ಹಾಗಾಗಿ ಮೊದಲು ಎಸ್‌ಆರ್‌ಜಿಬಿಗೆ ಬದಲಾಯಿಸಿ, ಆಮೇಲೆ ಅಂಕಿ ಓದಿ.

ಅಂಕಿ ಓದಲು ಜಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್ ಸಾಕು, ಅದು ಉಚಿತ. ಲೆವೆಲ್ಸ್‌ನಲ್ಲಿ ಗ್ರೇ ಪಾಯಿಂಟ್ ಡ್ರಾಪರ್ ತೆಗೆದುಕೊಂಡು ಗ್ರೇ ಕಾರ್ಡ್ ಮೇಲೆ ಒತ್ತಿ. ಈಗ ಬೆಳಕಿನ ಬಣ್ಣ ಹೋಯಿತು. ಆಮೇಲೆ ಕಲರ್ ಪಿಕ್ಕರ್‌ನಲ್ಲಿ ಸ್ಯಾಂಪಲ್ ಆವರೇಜ್ ಆನ್ ಮಾಡಿ, ದಟ್ಟ ಪಟ್ಟಿಯ ನಡುವೆ ಒತ್ತಿ. ಅಲ್ಲಿ ಆರ್‌ಜಿಬಿ ಬದಲು `CIE LAB` ಆರಿಸಿಕೊಳ್ಳಿ.

ಲ್ಯಾಬ್ ಯಾಕೆ? ಅದರ ಮೂರು ಅಂಕಿಗಳು ನಾವು ಬಾಯಲ್ಲಿ ಬಣ್ಣ ಹೇಳುವ ರೀತಿಗೆ ಹತ್ತಿರ. `L` ಅಂದರೆ ಎಷ್ಟು ತಿಳಿ, ಎಷ್ಟು ಗಾಢ. ಸೊನ್ನೆ ಕಪ್ಪು, ನೂರು ಬಿಳಿ. `a` ಹೆಚ್ಚಿದಷ್ಟೂ ಕೆಂಪು ಕಡೆಗೆ, ಕಮ್ಮಿಯಾದಷ್ಟೂ ಹಸಿರು ಕಡೆಗೆ. `b` ಹೆಚ್ಚಿದಷ್ಟೂ ಹಳದಿ ಕಡೆಗೆ, ಕಮ್ಮಿಯಾದಷ್ಟೂ ನೀಲಿ ಕಡೆಗೆ. ಅಂತರರಾಷ್ಟ್ರೀಯ ಬೆಳಕು ಆಯೋಗ 1976ರಲ್ಲಿ ಒಪ್ಪಿದ ಅಳತೆ ಇದು. ಬಣ್ಣದ ಕಾರ್ಖಾನೆಗಳಲ್ಲಿ, ಪ್ರಿಂಟಿಂಗ್‌ನಲ್ಲಿ ಇವತ್ತಿಗೂ ಇದನ್ನೇ ಬಳಸುತ್ತಾರೆ.

ನಮ್ಮ ಇಟ್ಟಿಗೆ ಶೇಡಿನ ದಟ್ಟ ಪಟ್ಟಿ `#8E3B32` ಅಂತ ಇಟ್ಟುಕೊಳ್ಳೋಣ. ಲ್ಯಾಬ್‌ನಲ್ಲಿ ಅದು ಸುಮಾರು 36, 35, 23. ಇದನ್ನು ಮಾತಾಗಿ ಮಾಡೋಣ. `L` 36 ಅಂದರೆ ಸಾಧಾರಣ ಗಾಢ. `a` 35 ಅಂದರೆ ಕೆಂಪು ಇದೆ, ಆದರೆ ಚೀರುವ ಕೆಂಪಲ್ಲ. ಕಡುಗೆಂಪು ಲಿಪ್‌ಸ್ಟಿಕ್ ಆಗಿದ್ದರೆ ಇದು 50 ದಾಟುತ್ತಿತ್ತು. `b` 23 ಅಂದರೆ ಹಳದಿ ಕಡೆಗೆ ವಾಲಿದೆ, ಅಂದರೆ ಬೆಚ್ಚಗಿನ ಶೇಡ್. ಹಾಗಾಗಿ ಮಾತಿನಲ್ಲಿ ಹೀಗೆ: ಮಂಕಾದ ಕೆಂಗಂದು, ಸಾಧಾರಣ ಗಾಢ, ಸ್ವಲ್ಪ ಬೆಚ್ಚಗೆ, ದಟ್ಟ, ಮ್ಯಾಟ್.

ಕೊನೆಯ ಎರಡು ಪದಗಳನ್ನು ಸುಮ್ನೆ ಸೇರಿಸಿದ್ದಲ್ಲ. ಫಿನಿಶ್ ಹೇಳಿದರೆ ಬಣ್ಣವನ್ನೇ ಹೇಳಿದ ಹಾಗೆ. ಮ್ಯಾಟ್ ಮೇಲ್ಮೈ ತನ್ನ ಮೇಲೆ ಬಿದ್ದ ಬಿಳಿ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುತ್ತದೆ. ಆ ಬಿಳಿ ಇಡೀ ತುಟಿಯ ಬಣ್ಣದಲ್ಲಿ ಬೆರೆತು ಸ್ವಲ್ಪ ತಿಳಿ, ಸ್ವಲ್ಪ ಮಂಕು ಮಾಡುತ್ತದೆ. ಗ್ಲಾಸಿ ಮೇಲ್ಮೈ ಅದೇ ಬೆಳಕನ್ನು ಒಂದೇ ದಿಕ್ಕಿಗೆ ವಾಪಸ್ ಕಳಿಸುತ್ತದೆ. ಹಾಗಾಗಿ ಒಂದೆರಡು ಕಡೆ ಬಿಳಿ ಹೊಳಪು, ಉಳಿದ ಕಡೆ ಬಣ್ಣ ಆಳವಾಗಿ ಕಾಣುತ್ತದೆ. ಒಂದೇ ಪಿಗ್ಮೆಂಟ್, ಎರಡು ಫಿನಿಶ್, ಕಣ್ಣಿಗೆ ಎರಡು ಬಣ್ಣ. ಮಾಡೆಲ್‌ಗಳಿಗೆ ಕೆಳತುಟಿಯ ಮೇಲೆ ಹೊಳಪು ಹಾಕುವ ಅಭ್ಯಾಸ ಇದೆ, ಮ್ಯಾಟ್ ಅಂದರೂ ಹಾಕುತ್ತವೆ. ಹಾಗಾಗಿ ಬೆಳಕನ್ನೂ ಮೆದುವಾಗಿ ಕೇಳಬೇಕು.

ಈಗ ಪ್ರಾಂಪ್ಟ್. ಹೆಚ್ಚಿನ ಟೂಲ್‌ಗಳು ಇಂಗ್ಲಿಷನ್ನೇ ಚೆನ್ನಾಗಿ ಹಿಡಿಯುತ್ತವೆ, ಆದ್ದರಿಂದ ಇಂಗ್ಲಿಷಿನಲ್ಲೇ ಬರೆದಿದ್ದೇನೆ.

```
close-up of lips, opaque matte lipstick, muted reddish-brown,
low saturation, medium-dark, slightly warm, flat velvety surface,
deep brown skin, bare cheeks, plain grey kurta,
plain mid-grey background, soft neutral daylight from the front
```

ಇದರಲ್ಲಿ ಕೆಲವು ಸಂಗತಿ ಗಮನಿಸಿ. ಶೇಡಿನ ವಿವರ ಮೊದಲ ಎರಡು ಸಾಲಿನಲ್ಲೇ ಇದೆ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು ಒಂದು ಸಲಕ್ಕೆ 77 ಟೋಕನ್, ಅಂದರೆ ಪದ ಅಥವಾ ಪದದ ತುಂಡು, ಮಾತ್ರ ಓದುತ್ತಿದ್ದವು. ಅದಕ್ಕಿಂತ ಉದ್ದ ಬರೆದರೆ ಬಾಲ ಕತ್ತರಿಸಿ ಹೋಗುತ್ತಿತ್ತು. ಈಗಿನವು ಜಾಸ್ತಿ ಓದುತ್ತವೆ. ಆದರೂ ಮುಖ್ಯವಾದದ್ದನ್ನು ಮುಂದೆ ಇಡುವುದು ಒಳ್ಳೆಯದು.

ಎರಡನೆಯದಾಗಿ, "ಕಿತ್ತಳೆ ಬೇಡ" ಅಂತ ಎಲ್ಲೂ ಬರೆದಿಲ್ಲ. ಬೇಡ ಅನ್ನುವ ಮಾತು ಈ ಮಾಡೆಲ್‌ಗಳಿಗೆ ಸರಿಯಾಗಿ ಅರ್ಥವಾಗುವುದಿಲ್ಲ. ಕಿತ್ತಳೆ ಅಂತ ಬರೆದರೆ ಕಿತ್ತಳೆ ಬರುವ ಸಾಧ್ಯತೆಯೇ ಜಾಸ್ತಿ. ನೆಗೆಟಿವ್ ಪ್ರಾಂಪ್ಟ್‌ಗೆ ಬೇರೆ ಜಾಗ ಕೊಡುವ ಟೂಲ್ ಆದರೆ ಬೇಡದ್ದನ್ನು ಅಲ್ಲಿ ಬರೆಯಿರಿ.

ಮೂರನೆಯದು, ಕುರ್ತಾಕ್ಕೂ ಕೆನ್ನೆಗೂ ಹಿನ್ನೆಲೆಗೂ ಏನು ಇರಬೇಕು ಅಂತ ಹೇಳಿಬಿಟ್ಟಿದ್ದೇನೆ. ಹೇಳದೆ ಬಿಟ್ಟ ಜಾಗಕ್ಕೆ ತುಟಿಯ ಕೆಂಪು ಸೋರುತ್ತದೆ. ಬೂದು ಹಿನ್ನೆಲೆಗೆ ಇನ್ನೊಂದು ಉಪಯೋಗವೂ ಇದೆ, ಈಗಲೇ ಹೇಳುತ್ತೇನೆ.

ಮೊದಲ ಚಿತ್ರಕ್ಕೆ ವಾಪಸ್ ಹೋಗೋಣ, ಬರೀ "ಬ್ರಿಕ್ ರೆಡ್" ಅಂದಾಗ ಬಂದದ್ದು. ಅದರ ತುಟಿ `#B2303A` ಅಂತ ಓದಿತು ಅನ್ನಿ. ಲ್ಯಾಬ್‌ನಲ್ಲಿ ಸುಮಾರು 41, 52, 26. ನಮ್ಮ ಗುರಿ 36, 35, 23. ತಪ್ಪು ಎಲ್ಲಿದೆ ಅಂತ ಅಂಕಿಯೇ ತೋರಿಸುತ್ತದೆ. `b` ಹತ್ತಿರವೇ ಇದೆ, `L` ಸ್ವಲ್ಪ ಮೇಲಿದೆ, `a` ಮಾತ್ರ 17ರಷ್ಟು ಹೆಚ್ಚು. ಅಂದರೆ ಕೆಂಪು ವಿಪರೀತ ತೀಕ್ಷ್ಣವಾಗಿದೆ. ಇದಕ್ಕೆ "ಇನ್ನೂ ಗಾಢ" ಅಂತ ಬರೆದರೆ ಪ್ರಯೋಜನವಿಲ್ಲ, "ಮಂಕು" ಮತ್ತು "ಕಂದು" ಅಂತ ಬರೆಯಬೇಕು. ಅಳೆಯದೆ ಕಣ್ಣಂದಾಜಿನಲ್ಲಿ ಹೋದವರು ಇಲ್ಲೇ ದಾರಿ ತಪ್ಪುತ್ತಾರೆ. ಗಾಢ ಮಾಡುತ್ತಾ ಹೋಗಿ ಮರೂನ್‌ಗೆ ಮುಟ್ಟುತ್ತಾರೆ.

ಹೊಸ ಪ್ರಾಂಪ್ಟಿನ ಚಿತ್ರದಲ್ಲಿ ತುಟಿ 34, 38, 23 ಅಂತ ಬಂತು ಅನ್ನೋಣ. ನೋಡಿದರೆ ಸರಿ ಇದೆ ಅನ್ನಿಸುತ್ತದೆ. ಈಗ ಬೂದು ಹಿನ್ನೆಲೆಯನ್ನು ಓದಿ. ನಿಜವಾದ ಬೂದು ಆದರೆ `a`, `b` ಎರಡೂ ಸೊನ್ನೆಯ ಹತ್ತಿರ ಇರಬೇಕು. ಇಲ್ಲಿ `b` 4 ಇದೆ. ಅಂದರೆ ಮಾಡೆಲ್ ಇಡೀ ಚಿತ್ರಕ್ಕೆ ಸಂಜೆಯ ಹಳದಿ ಬೆಳಕು ಬಳಿದಿದೆ. ತುಂಬ ಮಾಡೆಲ್‌ಗಳಿಗೆ ಈ ಚಟ ಇದೆ. ಹಿನ್ನೆಲೆಯ ಮೇಲೆ ಗ್ರೇ ಡ್ರಾಪರ್ ಒತ್ತಿ ಬೆಳಕು ಸರಿ ಮಾಡಿ ಮತ್ತೆ ಓದಿದರೆ ತುಟಿ 34, 37, 20. ಅಂದರೆ ಲಿಪ್‌ಸ್ಟಿಕ್ ನಿಜಕ್ಕೂ ಗುಲಾಬಿ ಕಡೆಗೆ ವಾಲಿತ್ತು, ಹಳದಿ ಬೆಳಕು ಅದನ್ನು ಮುಚ್ಚಿತ್ತು.

ತುಟಿಯಲ್ಲಿ ಎಲ್ಲಿ ಓದಬೇಕು ಅನ್ನುವುದೂ ಮುಖ್ಯ. ಹೊಳಪಿನ ಮೇಲೆ ಓದಬೇಡಿ, ಅದು ದೀಪದ ಬಣ್ಣ. ಬಾಯಿಯ ಮೂಲೆಯಲ್ಲಿ ಓದಬೇಡಿ, ಅದು ನೆರಳು. ಕೆಳತುಟಿಯ ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಬೆಳಕು ಸಮನಾಗಿ ಬಿದ್ದ ಜಾಗದಲ್ಲಿ ಓದಿ. `L` ವಿಷಯದಲ್ಲಿ ಸ್ವಲ್ಪ ಸಡಿಲ ಇರಬಹುದು, ಏಕೆಂದರೆ ಬೆಳಕು ಕಮ್ಮಿ ಇರುವ ಚಿತ್ರದಲ್ಲಿ ತುಟಿಯೂ ಗಾಢವಾಗಿರಬೇಕು. `a`, `b` ವಿಷಯದಲ್ಲಿ ಬಿಗಿಯಾಗಿರಿ.

ಎಷ್ಟು ವ್ಯತ್ಯಾಸ ಒಪ್ಪಬಹುದು? ಮೂರೂ ಅಂಕಿಗಳ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿ, ವರ್ಗಮೂಲ ತೆಗೆದರೆ ಡೆಲ್ಟಾ ಇ ಸಿಗುತ್ತದೆ. ಇದಕ್ಕಿಂತ ಸುಧಾರಿಸಿದ ಸೂತ್ರಗಳಿವೆ, ನಮ್ಮ ಕೆಲಸಕ್ಕೆ ಇದು ಸಾಕು. ಮೊದಲ ಚಿತ್ರಕ್ಕೆ ಅದು ಸುಮಾರು 18. ಎರಡನೆಯದಕ್ಕೆ ಸುಮಾರು 4. ಡೆಲ್ಟಾ ಇ 2ರ ಆಸುಪಾಸು ಇದ್ದರೆ ಪಕ್ಕಪಕ್ಕ ಇಟ್ಟರೂ ಸಾಮಾನ್ಯ ಕಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ನಾಲ್ಕೈದು ಅಂದರೆ ಗೊತ್ತಾಗುತ್ತದೆ. ಒಂದೇ ಸಾಲಿನ ಅಕ್ಕಪಕ್ಕದ ಎರಡು ಶೇಡ್‌ಗಳ ನಡುವೆಯೂ ಅಷ್ಟೇ ವ್ಯತ್ಯಾಸ ಇರಬಹುದು. ಆಗ ನಿಮ್ಮ ಚಿತ್ರ ತೋರಿಸುತ್ತಿರುವುದು ಪಕ್ಕದ ಡಬ್ಬಿಯ ಶೇಡನ್ನು.

ಕೊನೆಗೆ ಉಳಿದ ಈ 4ರಷ್ಟು ವ್ಯತ್ಯಾಸವನ್ನು ಪ್ರಾಂಪ್ಟ್ ತಿದ್ದಿ ಸರಿ ಮಾಡಲು ಹೋಗಬೇಡಿ. ಪ್ರತಿ ಸಲ ಬೇರೆ ಮುಖ, ಬೇರೆ ಬೆಳಕು ಬರುತ್ತದೆ. ಜಿಂಪ್‌ನಲ್ಲೇ ಸರಿ ಮಾಡಿ. ಹೊಸ ಲೇಯರ್ ತೆಗೆದು ಸ್ವಾಚ್‌ನ ಬಣ್ಣ ತುಂಬಿ, ಲೇಯರ್ ಮೋಡನ್ನು `LCh Color` ಮಾಡಿ, ಮಾಸ್ಕ್ ಹಾಕಿ ತುಟಿಗೆ ಮಾತ್ರ ಬಿಡಿ. ಫೋಟೋಶಾಪ್‌ನಲ್ಲಿ ಇದಕ್ಕೆ ಹತ್ತಿರದ್ದು `Color` ಮೋಡ್. ಇದು ಕೆಳಗಿನ ಚಿತ್ರದ ಬೆಳಕು ನೆರಳನ್ನು ಹಾಗೇ ಉಳಿಸಿ ಬಣ್ಣವನ್ನು ಮಾತ್ರ ಬದಲಾಯಿಸುತ್ತದೆ. ಹೊಳಪಿನ ಚುಕ್ಕೆಗಳನ್ನು ಮಾಸ್ಕಿನಿಂದ ಹೊರಗಿಡಿ. ಇಲ್ಲದಿದ್ದರೆ ಬಿಳಿ ಹೊಳಪೂ ಗುಲಾಬಿಯಾಗಿ ತುಟಿ ಪ್ಲಾಸ್ಟಿಕ್ ಥರ ಕಾಣುತ್ತದೆ. ಬಾಯಿಯ ಮೂಲೆಗಳಲ್ಲಿ ಲೇಯರನ್ನು ಸ್ವಲ್ಪ ತೆಳು ಮಾಡಿ, ನೆರಳಿನಲ್ಲಿ ಅಷ್ಟು ಬಣ್ಣ ಇರುವುದಿಲ್ಲ.

ಎಕ್ಸ್‌ಪೋರ್ಟ್ ಮಾಡುವಾಗ ಜೆಪೆಗ್‌ನಲ್ಲಿ ಬಣ್ಣದ ವಿವರ ಎಷ್ಟು ಉಳಿಯಬೇಕು ಅಂತ ಹೇಳುವ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ `4:4:4` ಇರಲಿ. ಅದಕ್ಕಿಂತ ಕಮ್ಮಿ ಇಟ್ಟರೆ ಕೆಂಪಿನ ಅಂಚು ಚರ್ಮಕ್ಕೆ ಹರಡುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಈಗ ಮೈಬಣ್ಣದ ವಿಷಯ. ಒಂದೇ ಶೇಡನ್ನು ಮೂರು ಮೈಬಣ್ಣಗಳ ಮೇಲೆ ತೋರಿಸಿ ಅಂತ ಕೇಳಿದರೆ, ಮಾಡೆಲ್ ಮೈಬಣ್ಣದ ಜೊತೆ ಲಿಪ್‌ಸ್ಟಿಕ್ಕನ್ನೂ ಬದಲಾಯಿಸುತ್ತದೆ. ಬಿಳಿ ಮೈಗೆ ಗುಲಾಬಿ ಮಾಡುತ್ತದೆ, ಕಪ್ಪು ಮೈಗೆ ಕಂದು ಮಾಡುತ್ತದೆ. ಅಳೆದರೆ ಗೊತ್ತಾಗುತ್ತದೆ. ಆದರೆ ಇದರ ತದ್ವಿರುದ್ಧವೂ ಇದೆ. ಬಣ್ಣ ನಿಜಕ್ಕೂ ಒಂದೇ ಇದ್ದರೂ ಗಾಢ ಮೈಮೇಲೆ ಲಿಪ್‌ಸ್ಟಿಕ್ ತಿಳಿಯಾಗಿ, ತಿಳಿ ಮೈಮೇಲೆ ಗಾಢವಾಗಿ ಕಾಣುತ್ತದೆ. ಅದು ಸುತ್ತಲಿನ ಬಣ್ಣದಿಂದ ಕಣ್ಣಿಗೆ ಆಗುವ ಪರಿಣಾಮ, ಕನ್ನಡಿಯಲ್ಲೂ ಹಾಗೇ ಕಾಣುತ್ತದೆ. ಅಂಕಿ ಸರಿ ಇದ್ದರೆ ಅದನ್ನು ತಿದ್ದಬೇಡಿ.

ತೆಳು ಶೇಡ್ ಆದರೆ ಕತೆ ಬೇರೆ. ಅಲ್ಲಿ ತುಟಿಯ ಸ್ವಂತ ಬಣ್ಣವೂ ಫಲಿತಾಂಶದ ಒಂದು ಭಾಗ. ನಮ್ಮಲ್ಲಿ ತುಂಬ ಜನರ ತುಟಿ ಕಂದು, ಮೇಲ್ತುಟಿ ಕೆಳತುಟಿಗಿಂತ ಗಾಢ. ಮಾಡೆಲ್ ತನ್ನಷ್ಟಕ್ಕೆ ಬಿಟ್ಟರೆ ಎರಡನ್ನೂ ಒಂದೇ ಗುಲಾಬಿ ಮಾಡಿಬಿಡುತ್ತದೆ. ಹಾಗಾಗಿ `naturally brown lips, darker upper lip` ಅಂತ ಬರೆದು, ಅದರ ಮೇಲೆ `sheer tint` ಅಂತ ಹೇಳಬೇಕು. ಗುರಿಯ ಅಂಕಿಯನ್ನೂ ಮುಂಗೈಯಿಂದ ತೆಗೆಯಬೇಡಿ, ಅಂಥ ತುಟಿಯ ಮೇಲೆ ಹಚ್ಚಿಯೇ ತೆಗೆಯಿರಿ.

ಮಾತು ಮುಗಿದ ಮೇಲೆ ಮೇಕಪ್ ಮಾಡುವ ಒಬ್ಬರು ನ್ಯೂಡ್ ಶೇಡ್ ಬಗ್ಗೆ ಕೇಳಿದರು. "ಮೇಡಂ, `nude` ಅಂತ ಹಾಕಿದರೆ ಕೆಲವು ಟೂಲ್ ಚಿತ್ರವನ್ನೇ ಕೊಡಲ್ಲ, ಕೊಟ್ಟರೂ ಯಾವಾಗಲೂ ಮಸುಕು ಬೀಜ್. ಏನು ಮಾಡೋದು?" ಆ ಪದವನ್ನು ಬಿಟ್ಟುಬಿಡಿ ಅಂದೆ. ಅದು ಅಶ್ಲೀಲ ಚಿತ್ರ ತಡೆಯುವ ಫಿಲ್ಟರಿಗೆ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿದ್ದರೂ ಬಿಳಿ ಚರ್ಮದ ಬಣ್ಣವನ್ನೇ ತರುತ್ತದೆ. ನ್ಯೂಡ್ ಅಂದರೆ ಹಚ್ಚಿಕೊಳ್ಳುವವರ ಮೈಬಣ್ಣಕ್ಕೆ ಹತ್ತಿರದ ಶೇಡ್. ಅದನ್ನು ಹಾಗೇ ಹೇಳಿ: `warm brown lipstick, one step deeper than her skin`. ಗಾಢ ಮೈಬಣ್ಣಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಬ್ಬರು ಕೇಳಿದ್ದು, ಕೈ ಮೇಲಿನ ಸ್ವಾಚ್ ಚಿತ್ರವನ್ನೂ ಹೀಗೇ ಮಾಡಬಹುದಾ ಅಂತ. ಮಾಡಬೇಡಿ ಅನ್ನುವುದೇ ನನ್ನ ಉತ್ತರ. ಮುಖದ ಚಿತ್ರವನ್ನು ಗಿರಾಕಿ ಅಲಂಕಾರ ಅಂತ ನೋಡುತ್ತಾರೆ. ಸ್ವಾಚನ್ನು ನೋಡುವುದು ಸಾಕ್ಷಿ ಅಂತ. ಆ ಒಂದು ಚಿತ್ರ ನಿಜವಾದ ಕೈಯ ನಿಜವಾದ ಫೋಟೋ ಆಗಿರಬೇಕು, ಗ್ರೇ ಕಾರ್ಡ್ ಇಟ್ಟು ತೆಗೆದದ್ದು. ಅದು ಹೇಗೂ ನಿಮ್ಮ ಹತ್ತಿರ ಇರುತ್ತದೆ. ಎಐ ಚಿತ್ರದ ಪಕ್ಕದಲ್ಲೇ ಅದನ್ನೂ ಹಾಕಿ, ಯಾವುದು ಎಐ ಅಂತ ಕೆಳಗೆ ಬರೆಯಿರಿ.

ಕೊನೆಗೆ ಮೆಟಾಲಿಕ್ ಶೇಡ್‌ಗಳ ಬಗ್ಗೆ ಪ್ರಶ್ನೆ ಬಂತು. ಅವುಗಳಲ್ಲಿ ಮೈಕಾ ಇರುತ್ತದೆ, ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಒಂದೇ ಲ್ಯಾಬ್ ಅಂಕಿ ಅವಕ್ಕೆ ಸಾಲದು. ಬೆಳಕಿಗೆ ಎದುರಾಗಿ ಒಂದು, ಪಕ್ಕಕ್ಕೆ ತಿರುಗಿಸಿ ಒಂದು, ಹೀಗೆ ಕನಿಷ್ಠ ಎರಡು ಅಂಕಿ ಇಟ್ಟುಕೊಳ್ಳಬೇಕು. ಬಂದ ಚಿತ್ರದಲ್ಲಿ ತುಟಿಯ ಹೊಳೆಯುವ ಜಾಗವನ್ನು ಮೊದಲನೆಯದಕ್ಕೂ ಹೊಳೆಯದ ಜಾಗವನ್ನು ಎರಡನೆಯದಕ್ಕೂ ಹೋಲಿಸಬೇಕು. ಎಚ್ಚರಿಕೆಯಿಂದ ತಿದ್ದಿದರೂ ಇವು ಪೂರ್ತಿ ಸರಿಯಾಗುವುದು ಕಷ್ಟ. ಮೆಟಾಲಿಕ್ ಶೇಡ್ ಮಾರುವವರು ಎಐ ಚಿತ್ರ ಬಿಟ್ಟು, ಕೈ ಆಡಿಸುತ್ತಾ ತೆಗೆದ ಹತ್ತು ಸೆಕೆಂಡಿನ ವಿಡಿಯೋ ಹಾಕಿದರೆ ಒಳ್ಳೆಯದು ಅಂತ ಅವರಿಗೆ ಹೇಳಿದೆ.